ಎರಡು ಮನೆಯ ಸಾಲ, ಒಂದು ಹಾಳೆ: ಮದುವೆಗೆ ಮುಂಚೆ ಕೂತು ಆಡಬೇಕಾದ ಮಾತು

ಪ್ರಶ್ನೆ: ನಾನು ತುಮಕೂರಿನವಳು, ಖಾಸಗಿ ಶಾಲೆಯಲ್ಲಿ ಟೀಚರ್. ಹುಡುಗ ಗೌರಿಬಿದನೂರು ಕಡೆಯವರು, ಬೆಂಗಳೂರಲ್ಲಿ ಕೆಲಸ. ನಿಶ್ಚಿತಾರ್ಥ ಆಗಿದೆ, ಮದುವೆಗೆ ಇನ್ನು ನಾಲ್ಕು ತಿಂಗಳಿದೆ. ಇಬ್ಬರೂ ಕೌನ್ಸೆಲಿಂಗ್‌ಗೆ ಹೋಗೋಣ ಅಂತ ಒಪ್ಪಿದ್ದೀವಿ. ಅಲ್ಲಿ ಏನೇನು ಮಾತಾಡಬೇಕು? ನನ್ನ ಸಂಬಳದಲ್ಲಿ ಅಪ್ಪ ಅಮ್ಮನಿಗೆ ಕೊಡ್ತಾ ಇದ್ದೀನಿ. ಮದುವೆ ಆದ ಮೇಲೂ ಕೊಡಬೇಕು. ಇದನ್ನ ಈಗಲೇ ಹೇಳಿದರೆ ಅವರಿಗೆ ಬೇಜಾರಾಗುತ್ತಾ ಅಂತ ಭಯ.

ಉತ್ತರ:

ಈಗಲೇ ಹೇಳಿ. ಎಷ್ಟು ಕೊಡುತ್ತೀರಿ, ಯಾತಕ್ಕೆ ಕೊಡುತ್ತೀರಿ, ಎಷ್ಟು ದಿನ ಕೊಡಬೇಕು, ಮೂರನ್ನೂ ಹೇಳಿ. ಅವರ ಕಡೆಯಿಂದಲೂ ಇದೇ ಮೂರು ಮಾತು ಕೇಳಿ. ಮಕ್ಕಳು, ಮನೆ, ಕೆಲಸ, ಆರೋಗ್ಯ ಎಲ್ಲವೂ ಕೌನ್ಸೆಲಿಂಗ್‌ನಲ್ಲಿ ಬರಬೇಕು. ಆದರೆ ನಮ್ಮ ಕಡೆ ಮದುವೆಯಾಗಿ ಒಂದೆರಡು ವರ್ಷಕ್ಕೆ ನನ್ನ ಮುಂದೆ ಬಂದು ಕೂರುವ ಜೋಡಿಗಳ ಜಗಳವನ್ನು ಕೆದಕುತ್ತಾ ಹೋದರೆ, ಬಹಳ ಸಲ ತಳದಲ್ಲಿ ಸಿಗುವುದು ಇದೇ: ಹುಟ್ಟಿದ ಮನೆಗೆ ಹೋಗುವ ದುಡ್ಡು, ಮೊದಲೇ ಹೇಳದ ಸಾಲ. ಅಡುಗೆ ಬಗ್ಗೆ, ಫೋನ್ ಬಗ್ಗೆ, ನಾದಿನಿ ಆಡಿದ ಮಾತಿನ ಬಗ್ಗೆ ಶುರುವಾದ ಜಗಳವೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಈ ಉತ್ತರದಲ್ಲಿ ದುಡ್ಡಿನ ಮಾತಿಗೇ ಜಾಸ್ತಿ ಜಾಗ ಕೊಡುತ್ತೇನೆ.

ನಾಲ್ಕು ತಿಂಗಳಿದೆ ಅಂದಿರಿ. ನಾಲ್ಕು ಸಲ ಕೂರಲು ಅಷ್ಟು ಸಾಕು. ಮೊದಲ ಸಲ ನಿಮ್ಮಿಬ್ಬರ ಹತ್ತಿರವೂ ಕೌನ್ಸೆಲರ್ ಬೇರೆ ಬೇರೆಯಾಗಿ ಮಾತಾಡಬೇಕು. ಎದುರಿಗೆ ಹೇಳಲು ಮುಜುಗರವಾಗುವ ವಿಷಯ ಅಲ್ಲಿ ಬರುತ್ತದೆ. ಎರಡನೆಯದು ಪೂರ್ತಿ ದುಡ್ಡಿಗೆ. ಮೂರನೆಯದು ಎಲ್ಲಿ ಇರುವುದು, ಮಗು ಯಾವಾಗ, ಯಾರು ಕೆಲಸ ಬಿಡುವುದು ಇಂಥವಕ್ಕೆ. ಆಮೇಲೆ ನೀವಿಬ್ಬರೂ ಹಿರಿಯರ ಹತ್ತಿರ ಮಾತಾಡಿಕೊಂಡು ಬಂದು ನಾಲ್ಕನೇ ಸಲ ಕೂರಬೇಕು. ಅಪ್ಪ ಅಮ್ಮನನ್ನು ಮೊದಲ ದಿನವೇ ಜೊತೆಗೆ ಕರೆದುಕೊಂಡು ಹೋಗಬೇಡಿ. ಅವರಿದ್ದರೆ ಹುಡುಗ ಮನೆಯ ಸಾಲ ಬಾಯಿ ಬಿಡುವುದಿಲ್ಲ, ಹುಡುಗಿ ತವರಿನ ಕಷ್ಟ ಹೇಳುವುದಿಲ್ಲ. ಇಬ್ಬರೂ ಮನೆಯ ಮರ್ಯಾದೆ ಕಾಯುತ್ತಾ ಕೂರುತ್ತಾರೆ.

ಎರಡನೇ ದಿನದ ಕೆಲಸ ಹೇಗೆ ನಡೆಯುತ್ತದೆ ಅಂತ ಒಂದು ಲೆಕ್ಕದ ಮೂಲಕವೇ ಹೇಳುತ್ತೇನೆ. ಇದು ಒಂದೇ ಜೋಡಿಯ ಕಥೆಯಲ್ಲ. ಕೆಲವರ ಸಂಗತಿಗಳನ್ನು ಸೇರಿಸಿ, ಗುರುತು ಸಿಗದ ಹಾಗೆ ಬದಲಿಸಿದ್ದೇನೆ.

ಹುಡುಗ ಶ್ರೀನಿವಾಸಪುರ ಕಡೆಯವನು. ಮನೆಯಲ್ಲಿ ಮಾವಿನ ತೋಟ, ಎರಡು ಹಸು. ನರಸಾಪುರದ ಕಂಪನಿಯೊಂದರಲ್ಲಿ ಕೆಲಸ, ಕೈಗೆ ಬರುವ ಸಂಬಳ 36,000. ಹುಡುಗಿ ಚಿಂತಾಮಣಿ ಕಡೆಯವಳು, ಲ್ಯಾಬ್ ಟೆಕ್ನೀಷಿಯನ್, 28,000. ಮದುವೆಯಾದ ಮೇಲೆ ಕೋಲಾರದಲ್ಲಿ ಬಾಡಿಗೆ ಮನೆ ಮಾಡುವುದು ಅಂತ ಮಾತು. ಇಬ್ಬರದ್ದೂ ಸೇರಿ 64,000. ಬಂದ ದಿನ ಇಬ್ಬರ ಮುಖದಲ್ಲೂ ನೆಮ್ಮದಿ ಇತ್ತು. ತಿಂಗಳಿಗೆ ಮೂವತ್ತು ಸಾವಿರವಾದರೂ ಉಳಿಯುತ್ತದೆ, ಎರಡು ವರ್ಷದಲ್ಲಿ ಸೈಟಿಗೆ ಅಡ್ವಾನ್ಸ್ ಕೊಡಬಹುದು ಅಂದುಕೊಂಡಿದ್ದರು.

ಒಂದು ಹಾಳೆ ಕೊಟ್ಟು ಮಧ್ಯೆ ಗೆರೆ ಎಳೆಯಲು ಹೇಳಿದೆ. ಒಂದು ಕಡೆ ಅವನದು, ಇನ್ನೊಂದು ಕಡೆ ಅವಳದು. ತಿಂಗಳು ತಿಂಗಳು ಕೈಯಿಂದ ಹೋಗುವ ದುಡ್ಡು, ಯಾರಿಗೆ ಹೋಗುತ್ತದೆ, ಯಾವ ತಿಂಗಳಿಗೆ ಮುಗಿಯುತ್ತದೆ. ಇಷ್ಟೇ ಬರೆಯಬೇಕು.

ಹುಡುಗ ಮೊದಲು ಬರೆದಿದ್ದು ಬೈಕಿನ ಕಂತು 3,500, ಇನ್ನು ಹದಿನಾಲ್ಕು ತಿಂಗಳು. ಆಮೇಲೆ ಮನೆಗೆ ಕೊಡುವ 6,000. ಅದಕ್ಕೆ ಮುಗಿಯುವ ದಿನವಿಲ್ಲ, ಅಮ್ಮನ ಶುಗರ್ ಮಾತ್ರೆ ಅದರಲ್ಲೇ ಬರುತ್ತದೆ. ಅಲ್ಲಿಗೆ ಪೆನ್ನು ಇಟ್ಟುಬಿಟ್ಟ. ಬೇರೆ ಸಾಲ ಏನಾದರೂ ಇದೆಯಾ ಅಂದರೆ ಇಲ್ಲ ಅಂದ. ಆಗ ಪ್ರಶ್ನೆಯನ್ನು ಬದಲಿಸಿ ಕೇಳಿದೆ: ತೋಟಕ್ಕೆ ಬೋರ್ ಕೊರೆಸಿದ್ದು ಯಾವಾಗ, ದುಡ್ಡು ಎಲ್ಲಿಂದ ಬಂತು? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ಎರಡು ಲಕ್ಷ ಕೈಸಾಲ, ಎರಡು ರೂಪಾಯಿ ಬಡ್ಡಿ. ಸಾಲ ಮಾಡಿದ್ದು ಅಪ್ಪ, ಬಡ್ಡಿ ಕಟ್ಟುತ್ತಿರುವುದು ಇವನು.

ಅವನು ಸುಳ್ಳು ಹೇಳಿರಲಿಲ್ಲ. ಅದು ಅಪ್ಪನ ಸಾಲ, ತನ್ನದಲ್ಲ ಅಂತಲೇ ಅವನ ಲೆಕ್ಕ. ನಮ್ಮ ಜಿಲ್ಲೆಗಳಲ್ಲಿ ಇದು ತುಂಬಾ ಸಾಮಾನ್ಯ. ಅದಕ್ಕೇ ನೀವು ಕೂಡ ‘ನಿಮಗೆ ಸಾಲ ಇದೆಯಾ’ ಅಂತ ಕೇಳಿ ಬಿಟ್ಟುಬಿಡಬೇಡಿ. ಬೋರ್‌ವೆಲ್‌ಗೆ ಎಲ್ಲಿಂದ ತಂದರು, ಅಕ್ಕನ ಮದುವೆಗೆ ಎಲ್ಲಿಂದ ತಂದರು, ಮನೆಯ ಒಡವೆ ಮನೆಯಲ್ಲೇ ಇದೆಯಾ ಬ್ಯಾಂಕಿನಲ್ಲಿದೆಯಾ, ಸಂಘದಲ್ಲಿ ಅಮ್ಮನ ಹೆಸರಲ್ಲಿ ಎಷ್ಟಿದೆ, ಯಾರಿಗಾದರೂ ಜಾಮೀನು ಹಾಕಿದ್ದೀರಾ? ಹೀಗೆ ಬಿಡಿಬಿಡಿಯಾಗಿ ಕೇಳಿದರೆ ಉತ್ತರವೂ ಬಿಡಿಬಿಡಿಯಾಗಿ ಬರುತ್ತದೆ. ಜಾಮೀನಿನ ಪ್ರಶ್ನೆಯನ್ನಂತೂ ಮರೆಯಬೇಡಿ. ಸ್ನೇಹಿತನಿಗೆ ಜಾಮೀನು ಹಾಕಿದವರು ಅದನ್ನು ಸಾಲ ಅಂದುಕೊಂಡೇ ಇರುವುದಿಲ್ಲ. ಆದರೆ ಆ ಸ್ನೇಹಿತ ಕಟ್ಟದಿದ್ದರೆ, ಸಾಲ ಮಾಡಿದವನಷ್ಟೇ ಹೊಣೆ ಜಾಮೀನುದಾರನ ಮೇಲೂ ಬೀಳುತ್ತದೆ ಅಂತ ಕಾನೂನು ಹೇಳುತ್ತದೆ.

ಎರಡು ರೂಪಾಯಿ ಬಡ್ಡಿ ಅಂದರೆ ನೂರಕ್ಕೆ ತಿಂಗಳಿಗೆ ಎರಡು. ವರ್ಷಕ್ಕೆ ಇಪ್ಪತ್ನಾಲ್ಕು. ಎರಡು ಲಕ್ಷಕ್ಕೆ ತಿಂಗಳಿಗೆ 4,000. ಇದು ಬರೀ ಬಡ್ಡಿ. ಹತ್ತು ವರ್ಷ ಹೀಗೇ ಕಟ್ಟಿದರೂ ಅಸಲು ಎರಡು ಲಕ್ಷ ಹಾಗೇ ಇರುತ್ತದೆ. ಅಲ್ಲಿಗೆ ಹುಡುಗನ ಕಡೆ ತಿಂಗಳಿಗೆ 13,500 ಆಯಿತು.

ಹುಡುಗಿಯ ಕಡೆ ನೋಡಿದರೆ ತಮ್ಮನ ಡಿಪ್ಲೊಮಾ ಫೀಸು, ಹಾಸ್ಟೆಲ್ ಸೇರಿ 7,000. ಇನ್ನು ಹದಿನೆಂಟು ತಿಂಗಳು. ಅಮ್ಮನ ಕೈಗೆ 3,000. ಮತ್ತೆ ಒಂದು ಲಕ್ಷದ ಚೀಟಿ, ತಿಂಗಳಿಗೆ 5,000, ಇನ್ನು ಒಂಬತ್ತು ತಿಂಗಳು. ಚೀಟಿ ಅಂದ ತಕ್ಷಣ ಹುಡುಗನಿಗೆ ಖುಷಿಯಾಯಿತು, ಉಳಿತಾಯ ಅಂದುಕೊಂಡ. ಆದರೆ ಅವಳು ಚೀಟಿ ಎತ್ತಿ ಆಗಿತ್ತು, ಒಡವೆ ಮಾಡಿಸಿಯೂ ಆಗಿತ್ತು. ಎತ್ತಿದ ಚೀಟಿ ಸಾಲವೇ. ಎತ್ತದ ಚೀಟಿ ಮಾತ್ರ ಉಳಿತಾಯ. ಯಾರಾದರೂ ಚೀಟಿ ಇದೆ ಅಂದರೆ ಎತ್ತಿದ್ದೋ ಎತ್ತಿಲ್ಲವೋ ಅಂತ ಕೇಳಲೇಬೇಕು. ಅವಳ ಕಡೆ ಒಟ್ಟು 15,000.

ಎರಡೂ ಸೇರಿ 28,500 ಹೋಯಿತು. ಉಳಿದಿದ್ದು 35,500. ಬಾಡಿಗೆ, ದಿನಸಿ, ಗ್ಯಾಸು, ಕರೆಂಟು, ಬಸ್ಸು, ಫೋನು ಅಂತ ಕೋಲಾರದಲ್ಲಿ 22,500 ಇಟ್ಟುಕೊಂಡೆವು. ಕೈಯಲ್ಲಿ ನಿಂತಿದ್ದು 13,000. ಅಂದುಕೊಂಡಿದ್ದು ಮೂವತ್ತು, ಇದ್ದಿದ್ದು ಹದಿಮೂರು.

ಅಷ್ಟಕ್ಕೇ ನಿಲ್ಲಿಸದೆ ಇನ್ನೊಂದು ಲೆಕ್ಕ ಹಾಕಬೇಕು. ಹುಡುಗಿಯ ಸಂಬಳ ನಿಂತರೆ ಏನು ಕಥೆ? ಹುಡುಗನ 36,000ದಲ್ಲಿ ಅವನ ಹೊರೆ 13,500 ಕಳೆದರೆ 22,500. ಅದು ಮನೆ ಖರ್ಚಿಗೆ ಸರಿಯಾಗುತ್ತದೆ. ಆದರೆ ಅವಳ ಕಡೆಯ 15,000 ಯಾರು ಕಟ್ಟಬೇಕು? ತಮ್ಮನ ಫೀಸು ಯಾರು ಕೊಡಬೇಕು? ಮದುವೆಯಾದ ಮೂರನೇ ತಿಂಗಳಿಂದಲೇ ‘ಏನಾದರೂ ವಿಶೇಷ ಇದೆಯಾ’ ಅಂತ ಕೇಳುವ ಊರು ನಮ್ಮದು. ಮಗು ಯಾವಾಗ ಅನ್ನುವ ಪ್ರಶ್ನೆಗೆ ಉತ್ತರ ಈ ಹಾಳೆಯಲ್ಲೇ ಇತ್ತು. ಬೈಕು ಹದಿನಾಲ್ಕು ತಿಂಗಳಿಗೆ ಮುಗಿಯುತ್ತದೆ, ಚೀಟಿ ಒಂಬತ್ತಕ್ಕೆ, ಫೀಸು ಹದಿನೆಂಟಕ್ಕೆ. ಹತ್ತೊಂಬತ್ತನೇ ತಿಂಗಳಿಂದ ಮನೆಗೆ 15,500 ಹಗುರ. ಹಾಗಾಗಿ ಒಂದೂವರೆ ವರ್ಷ ಕಾಯುವುದು ಅಂತ ಇಬ್ಬರೂ ತೀರ್ಮಾನ ಮಾಡಿದರು. ಅದಕ್ಕೆ ಏನು ಬಳಸುವುದು ಅಂತ ಮದುವೆಗೆ ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿಕೊಂಡರು. ಹುಡುಗಿ ಕೆಲಸ ಮಾಡುವ ಕಡೆ ಹತ್ತಕ್ಕಿಂತ ಜಾಸ್ತಿ ಜನ ಇದ್ದಾರೆ. ಹಾಗಾಗಿ ಹೆರಿಗೆ ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಅವಳ ಹಕ್ಕು. ನೀವೂ ಟೀಚರ್ ಅಲ್ವಾ, ನಿಮ್ಮ ಶಾಲೆಯಲ್ಲಿ ಇದನ್ನು ಕೊಡುತ್ತಾರಾ ಅಂತ ಈಗಲೇ ವಿಚಾರಿಸಿ. ಮಗುವಾದ ಮೇಲೆ ಕೇಳಿದರೆ ತಡವಾಗುತ್ತದೆ.

ಇನ್ನು ಬೋರ್‌ವೆಲ್ ಸಾಲ. ಇದಕ್ಕೆ ಸುಲಭವಾಗಿ ಹೊಳೆಯುವ ದಾರಿ ಒಂದಿದೆ. ಸೊಸೆ ತರುವ ಒಡವೆ ಅಡವಿಟ್ಟು ಕೈಸಾಲ ತೀರಿಸುವುದು. ಲೆಕ್ಕಕ್ಕೆ ಅದು ಸರಿಯಾಗಿ ಕಾಣುತ್ತದೆ, ಬ್ಯಾಂಕಿನ ಬಡ್ಡಿ ಕೈಸಾಲಕ್ಕಿಂತ ಎಷ್ಟೋ ಕಡಿಮೆ. ಆದರೂ ನಾನು ಒಪ್ಪುವುದಿಲ್ಲ, ಅದರಲ್ಲೂ ಮೊದಲ ವರ್ಷದಲ್ಲಿ. ಹುಡುಗಿಗೆ ಬಂದ ಒಡವೆ ಅವಳ ಸ್ತ್ರೀಧನ. ಗಂಡನ ಮನೆಯವರ ಕೈಯಲ್ಲಿದ್ದರೂ ಅದು ಅವಳದೇ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಅಡವಿಟ್ಟ ಒಡವೆ ಬಿಡಿಸುವುದನ್ನು ವರ್ಷ ವರ್ಷ ಮುಂದಕ್ಕೆ ಹಾಕುತ್ತಾ ಹೋದ ಮನೆಗಳಲ್ಲಿ, ಪ್ರತಿ ಹಬ್ಬಕ್ಕೂ ಬರಿಗೊರಳಲ್ಲಿ ನಿಂತ ಹೆಣ್ಣುಮಗಳ ಮನಸ್ಸು ಹೇಗಿರುತ್ತದೆ ಅಂತ ನಾನು ಕೇಳಿದ್ದೇನೆ. ಅವಳಾಗೇ ಮನಸ್ಸು ಮಾಡಿ ಕೊಟ್ಟರೆ ಬೇರೆ ಮಾತು. ಆಗಲೂ ಸಾಲ ಅವಳ ಹೆಸರಲ್ಲಿರಲಿ, ಅಡವಿನ ರಸೀದಿ ಅವಳ ಹತ್ತಿರವೇ ಇರಲಿ, ಬಿಡಿಸುವ ತಿಂಗಳು ಹಾಳೆಯಲ್ಲಿ ಬರೆದಿರಲಿ.

ಈ ಜೋಡಿ ಬೇರೆ ದಾರಿ ಹಿಡಿದರು. ಹುಡುಗನಿಗೆ ಸಂಬಳದ ಆಧಾರದ ಮೇಲೆ ಬ್ಯಾಂಕಿನಲ್ಲಿ ಪರ್ಸನಲ್ ಲೋನ್ ಸಿಗುತ್ತಿತ್ತು. ವರ್ಷಕ್ಕೆ ನೂರಕ್ಕೆ ಹದಿನಾಲ್ಕರ ಬಡ್ಡಿ ಅಂತ ಇಟ್ಟುಕೊಂಡರೂ, ಎರಡು ಲಕ್ಷಕ್ಕೆ ಮೂರು ವರ್ಷದ ಕಂತು ತಿಂಗಳಿಗೆ ಸುಮಾರು 6,850. ಈಗ ಕಟ್ಟುತ್ತಿರುವ ಬಡ್ಡಿಗಿಂತ 2,850 ಜಾಸ್ತಿ, ಆದರೆ ಮೂರು ವರ್ಷಕ್ಕೆ ಅಸಲೂ ಬಡ್ಡಿಯೂ ಮುಗಿಯುತ್ತದೆ. ಉಳಿಯುವುದು 13,000ದಿಂದ 10,150ಕ್ಕೆ ಇಳಿಯಿತು. ಇಬ್ಬರೂ ಒಪ್ಪಿದರು. ಲೋನಿಗೆ ಸಹಿ ಹುಡುಗನದು ಮಾತ್ರ. ಗಂಡನ ಸಾಲಕ್ಕೆ ಹೆಂಡತಿ ತಾನಾಗೇ ಹೊಣೆಯಾಗುವುದಿಲ್ಲ, ಜೊತೆ ಸಾಲಗಾರಳಾಗಿಯೋ ಜಾಮೀನಾಗಿಯೋ ಸಹಿ ಹಾಕಿದರೆ ಮಾತ್ರ ಆಗುತ್ತಾಳೆ. ಹೊಸದರಲ್ಲಿ ಯಾರೋ ಕಾಗದ ತಂದು ‘ಇಲ್ಲೊಂದು ಸಹಿ ಹಾಕಮ್ಮ’ ಅಂದರೆ ಓದಿ ಹಾಕುತ್ತೇನೆ ಅನ್ನಬೇಕು. ಇದನ್ನು ಗಂಡನಾಗುವವನ ಎದುರಲ್ಲೇ ಮೊದಲೇ ಮಾತಾಡಿಕೊಂಡಿದ್ದರೆ ಆ ದಿನ ಅವಳಿಗೆ ಧೈರ್ಯ ಇರುತ್ತದೆ.

ಹಾಳೆ ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆವು. ಮೂರನೇ ಸಲ ಬಂದಾಗ ಹುಡುಗಿ ಹೊಸದೊಂದು ವಿಷಯ ತಂದಳು. ಅಪ್ಪ ಮದುವೆ ಖರ್ಚಿಗೆ ಮೂರು ಲಕ್ಷ ಕೈಸಾಲ ಮಾತಾಡಿ ಬಂದಿದ್ದಾರೆ, ಎರಡು ರೂಪಾಯಿ ಬಡ್ಡಿ. ತಿಂಗಳಿಗೆ 6,000. ಯಾರು ಕಟ್ಟುವುದು ಅಂತ ಕೇಳಿದರೆ ನೋಡೋಣ ಬಿಡು ಅಂದರಂತೆ. ನೋಡೋಣ ಅಂದರೆ ಮಗಳು ಕಟ್ಟುತ್ತಾಳೆ ಅಂತಲೇ ಅರ್ಥ. ಎರಡು ದಿನದ ಛತ್ರ, ರಿಸೆಪ್ಷನ್, ಆರ್ಕೆಸ್ಟ್ರಾ, ಬೀಗರೂಟ ಎಲ್ಲದರ ಬಡ್ಡಿಯನ್ನೂ ಹೊಸ ಸಂಸಾರವೇ ಹೊರಬೇಕಾಗುತ್ತದೆ. ನನಗೆ ತುಂಬಾ ಸಂಕಟವಾಗುವುದು ಇಲ್ಲೇ. ಮದುವೆಯ ಖರ್ಚನ್ನು ಮದುವೆಯಾಗುವ ಇಬ್ಬರು ಮಾತಾಡುವ ಹಾಗಿಲ್ಲ, ಆದರೆ ಸಾಲ ತೀರಿಸುವವರು ಅವರೇ.

ಇಬ್ಬರೂ ಆ ಹಾಳೆ ಹಿಡಿದುಕೊಂಡು ಎರಡು ಮನೆಗೂ ಹೋದರು. ಹುಡುಗನ ಮನೆಯಲ್ಲಿ ಹುಡುಗನೇ ಮಾತಾಡಿದ, ಹುಡುಗಿಯ ಮನೆಯಲ್ಲಿ ಹುಡುಗಿಯೇ. ಇದು ಮುಖ್ಯ. ಅವರವರ ಮನೆಗೆ ಅವರವರೇ ಹೇಳಬೇಕು, ಇಲ್ಲದಿದ್ದರೆ ‘ಬರುವುದಕ್ಕೆ ಮುಂಚೆಯೇ ಬುದ್ಧಿ ಕಲಿಸಿದಳು’ ಅನ್ನುವ ಮಾತು ಹುಟ್ಟುತ್ತದೆ. ರಿಸೆಪ್ಷನ್ ಬಿಟ್ಟರು. ಛತ್ರ ಒಂದೇ ದಿನಕ್ಕೆ ಇಳಿಯಿತು. ಬೀಗರೂಟ ಊರಿನ ಮನೆ ಮುಂದೆಯೇ ಶಾಮಿಯಾನ ಹಾಕಿಸಿ ಮಾಡುವುದು ಅಂತಾಯಿತು. ಆದರೂ ಹುಡುಗಿಯ ಅಪ್ಪ ಒಂದು ಲಕ್ಷ ಸಾಲ ಮಾಡಿಯೇ ಮಾಡಿದರು. ಅವರ ಮನಸ್ಸಿಗೆ ಅಷ್ಟಾದರೂ ಬೇಕಿತ್ತು. ಅದರ ಬಡ್ಡಿ 2,000, ಹಾಳೆಯಲ್ಲಿ ಬರೆದೆವು. ಚೀಟಿ ಮುಗಿದ ಮೇಲೆ ಅದೇ 5,000ವನ್ನು ಈ ಅಸಲಿಗೆ ಹಾಕುವುದು ಅಂತ ಹುಡುಗನೇ ಹೇಳಿದ. ಆ ಮಾತು ಅವನ ಬಾಯಿಂದ ಬಂದಿದ್ದಕ್ಕೆ ಹುಡುಗಿ ಅತ್ತಳು.

ಈಗ ನಿಮ್ಮ ಭಯದ ವಿಷಯ. ಮಗಳು ಮದುವೆಯಾದ ಮೇಲೆ ತವರಿಗೆ ಕೊಡುವ ಹಾಗಿಲ್ಲ ಅನ್ನುವ ಮಾತನ್ನು ಯಾರಾದರೂ ಎತ್ತಿದರೆ ತಿಳಿದಿರಲಿ, ಕಾನೂನು ಹಾಗೆ ಹೇಳುವುದಿಲ್ಲ. ಹೆತ್ತವರು ಮತ್ತು ಹಿರಿಯರ ಪೋಷಣೆಗೆ 2007ರಲ್ಲಿ ಬಂದ ಕಾಯ್ದೆಯಲ್ಲಿ ಮಕ್ಕಳು ಅಂದರೆ ಮಗನೂ ಹೌದು, ಮಗಳೂ ಹೌದು. ಆದರೆ ಹುಡುಗನ ಮುಂದೆ ಕಾನೂನಿಂದ ಮಾತು ಶುರು ಮಾಡಬೇಡಿ. ಲೆಕ್ಕದಿಂದ ಶುರು ಮಾಡಿ. ‘ಅಪ್ಪ ಅಮ್ಮನಿಗೆ ಕೊಡಬೇಕು’ ಅಂದರೆ ಕೇಳಿದವರಿಗೆ ಎಷ್ಟೋ ಏನೋ ಅಂತ ದಿಗಿಲಾಗುತ್ತದೆ. ‘ತಿಂಗಳಿಗೆ ಇಷ್ಟು, ಅಪ್ಪನ ಔಷಧಿಗೆ, ಅದು ಯಾವಾಗಲೂ ಇರುತ್ತದೆ. ಇದಲ್ಲದೆ ತಂಗಿಯ ಓದಿಗೆ ಇಷ್ಟು, ಇನ್ನೆರಡು ವರ್ಷ’ ಅಂದರೆ ಅವರು ಯೋಚನೆ ಮಾಡಲು ಏನೋ ಒಂದು ಸಿಗುತ್ತದೆ. ಮೊದಲು ಅವರು ತಮ್ಮ ಮನೆಗೆ ಏನು ಕೊಡುತ್ತಿದ್ದಾರೆ ಅಂತ ಕೇಳಿ. ಕೊಡುವ ಮಗನಿಗೆ ಕೊಡುವ ಮಗಳ ಕಷ್ಟ ಬೇಗ ಅರ್ಥವಾಗುತ್ತದೆ.

ಅವರು ಸ್ವಲ್ಪ ಹೊತ್ತು ಸುಮ್ಮನಾದರೆ, ಅಥವಾ ಬೇಜಾರಾದರೆ, ಗಾಬರಿಯಾಗಬೇಡಿ. ಒಂದು ವಾರ ಬಿಡಿ. ನಾನು ನೋಡುವುದು ವಾರದ ನಂತರ ಏನು ಹೇಳುತ್ತಾರೆ ಅಂತ. ‘ಅಷ್ಟು ಕಷ್ಟ ಆಗಬಹುದು, ಇಷ್ಟಕ್ಕೆ ಒಪ್ಪೋಣ’ ಅಂದರೆ ಅದು ಸಂಸಾರ ಮಾಡುವವರ ಮಾತು. ‘ಸಂಬಳದ ಎಟಿಎಂ ಕಾರ್ಡ್ ಅಮ್ಮನ ಕೈಗೆ ಕೊಡು, ನಿಮ್ಮ ಮನೆಗೆ ಎಷ್ಟು ಅಂತ ಅಮ್ಮ ಹೇಳ್ತಾರೆ’ ಅಂದರೆ, ಅಥವಾ ‘ನಿಮ್ಮ ಅಪ್ಪ ಕಾರಿಗೆ ದುಡ್ಡು ಕೊಟ್ಟರೆ ಆಮೇಲೆ ನೋಡೋಣ’ ಅಂದರೆ, ಕೌನ್ಸೆಲಿಂಗ್ ಅಲ್ಲಿಗೆ ನಿಲ್ಲಬೇಕು. ಕೇಳುವುದೇ ವರದಕ್ಷಿಣೆ ಅಪರಾಧ, ಕೊಟ್ಟಿರಲೇಬೇಕು ಅಂತೇನಿಲ್ಲ. ಅಂಥ ಕಡೆ ಮಾತಾಡಿ ಸರಿ ಮಾಡುತ್ತೇನೆ ಅಂತ ಹೊರಡಬೇಡಿ. ನಿಶ್ಚಿತಾರ್ಥ ಮುರಿದರೆ ಊರು ಒಂದು ತಿಂಗಳು ಆಡಿಕೊಳ್ಳುತ್ತದೆ, ಅಷ್ಟೇ. ಸಹಾಯ ಬೇಕೆನಿಸಿದರೆ 181ಕ್ಕೆ ಫೋನ್ ಮಾಡಿ, ಅದು ಮಹಿಳಾ ಸಹಾಯವಾಣಿ.

ಹೇಳದೆ ಮುಚ್ಚಿಟ್ಟ ಸಾಲ ಗೊತ್ತಾಗುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಇಬ್ಬರೂ ತಮ್ಮ ತಮ್ಮ ಕ್ರೆಡಿಟ್ ರಿಪೋರ್ಟ್ ತೆಗೆದು ಒಬ್ಬರಿಗೊಬ್ಬರು ತೋರಿಸಿಕೊಳ್ಳಿ. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ಬ್ಯಾಂಕು, ಫೈನಾನ್ಸ್ ಸಾಲ, ಕ್ರೆಡಿಟ್ ಕಾರ್ಡ್, ಹಾಕಿದ ಜಾಮೀನು ಅದರಲ್ಲಿ ಬರುತ್ತವೆ. ಕೈಸಾಲ, ಊರಿನ ಚೀಟಿ ಬರುವುದಿಲ್ಲ. ಅದಕ್ಕೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಪ್ರತಿ ತಿಂಗಳು ಒಂದೇ ದಿನಾಂಕಕ್ಕೆ ಒಂದೇ ಹೆಸರಿಗೆ ಒಂದೇ ಮೊತ್ತ ಹೋಗುತ್ತಿದ್ದರೆ ಅದು ಬಡ್ಡಿಯೋ ಚೀಟಿಯೋ ಇರಬೇಕು. ರಾತ್ರಿ ಹೊತ್ತು ಚಿಕ್ಕ ಚಿಕ್ಕ ಮೊತ್ತ ಮತ್ತೆ ಮತ್ತೆ ಹೋಗಿದ್ದರೆ, ಲೋನ್ ಆ್ಯಪ್‌ನಿಂದ ದುಡ್ಡು ಬಂದಿದ್ದರೆ, ಆನ್‌ಲೈನ್ ಜೂಜಿನ ಬಗ್ಗೆ ನೇರವಾಗಿ ಕೇಳಿ. ಒಬ್ಬರು ಮಾತ್ರ ತೋರಿಸುವುದು ಬೇಡ. ಇಬ್ಬರೂ ಒಂದೇ ದಿನ, ಕೌನ್ಸೆಲರ್ ಎದುರಲ್ಲಿ ತೋರಿಸಿದರೆ ಯಾರಿಗೂ ಅವಮಾನ ಅನಿಸುವುದಿಲ್ಲ.

ಆಸ್ತಿಯ ಒಂದು ಮಾತು ಸೇರಿಸಬೇಕು. ಮದುವೆ ಹತ್ತಿರ ಬಂದಾಗ ಅಣ್ಣತಮ್ಮಂದಿರು ಹೆಣ್ಣುಮಕ್ಕಳಿಂದ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದುಂಟು. 2005ರ ತಿದ್ದುಪಡಿಯ ನಂತರ ಹಿಂದೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಸಹಿ ಹಾಕುವುದು ಬಿಡುವುದು ನಿಮ್ಮ ನಿರ್ಧಾರ. ಛತ್ರದ ಗಡಿಬಿಡಿಯಲ್ಲಿ ಮಾತ್ರ ಬೇಡ. ಹಾಗೇ ‘ನಿನ್ನ ಪಾಲು ಕೇಳು’ ಅಂತ ಗಂಡನ ಮನೆಯವರು ಒತ್ತಾಯಿಸಬಾರದು ಅಂತಲೂ ಈಗಲೇ ಮಾತಾಗಿರಲಿ.

ಉಳಿದ ವಿಷಯಗಳು ನಿಮ್ಮ ಮೂರನೇ ದಿನಕ್ಕೆ. ನಿಮ್ಮದು ತುಮಕೂರಿನ ಶಾಲೆ, ಅವರದು ಬೆಂಗಳೂರಿನ ಕೆಲಸ. ಯಾರು ದಿನಾ ರೈಲು ಹತ್ತುವುದು? ನೀವು ಶಾಲೆ ಬಿಟ್ಟರೆ ನಿಮ್ಮ ಮನೆಗೆ ಕೊಡುವ ದುಡ್ಡು ಎಲ್ಲಿಂದ ಬರುತ್ತದೆ? ಹಾಳೆಯನ್ನು ಎರಡು ರೀತಿ ಬರೆದು ನೋಡಿ, ಒಂದು ತುಮಕೂರಿನಲ್ಲಿ ಮನೆ ಮಾಡಿದರೆ, ಇನ್ನೊಂದು ಬೆಂಗಳೂರಿನಲ್ಲಿ ಮಾಡಿದರೆ. ಆರೋಗ್ಯಕ್ಕೆ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿ. ಥಲಸ್ಸೀಮಿಯಾ ವಾಹಕರಾ ಅನ್ನುವುದನ್ನು ಹಿಮೋಗ್ಲೋಬಿನ್ ಎಲೆಕ್ಟ್ರೋಫೊರೆಸಿಸ್ ಅನ್ನುವ ಪರೀಕ್ಷೆಯಲ್ಲಿ ನೋಡಬಹುದು, ಮಾಮೂಲಿ ಹಿಮೋಗ್ಲೋಬಿನ್ ಪರೀಕ್ಷೆ ಸಾಲದು. ನೀವು ಸಂಬಂಧದಲ್ಲೇ ಮದುವೆಯಾಗುತ್ತಿದ್ದರೆ ಇದನ್ನು ಬಿಡಲೇಬೇಡಿ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲೇ ಗೊತ್ತಿದ್ದರೆ ಡಾಕ್ಟರ್ ದಾರಿ ತೋರಿಸುತ್ತಾರೆ.

ಮದುವೆಯಾದ ಮೇಲೆ ಮಾಡುವ ಒಂದು ಕೆಲಸವನ್ನೂ ಈಗಲೇ ಹಾಳೆಯ ಕೊನೆಯಲ್ಲಿ ಬರೆದಿಡಿ. ಪಿಎಫ್‌ಗೆ ಮೊದಲು ಕೊಟ್ಟಿದ್ದ ನಾಮಿನಿ ಮದುವೆಯಾದ ದಿನದಿಂದ ಅಸಿಂಧು. ಇಬ್ಬರೂ ಹೊಸದಾಗಿ ನಾಮಿನಿ ಮಾಡಿಸಬೇಕು. ಇನ್ಶೂರೆನ್ಸ್, ಬ್ಯಾಂಕ್ ಖಾತೆಗಳ ನಾಮಿನಿಯನ್ನೂ ಜೊತೆಗೇ ನೋಡಿ. ಅಪ್ಪ ಅಮ್ಮನ ಹೆಸರು ಯಾವುದರಲ್ಲಿ ಇರಬೇಕು ಅಂತ ಇಬ್ಬರೂ ಕೂತು ತೀರ್ಮಾನಿಸಿ.

ಮೊದಲ ದಿನ ಹೋಗುವಾಗ ಇಬ್ಬರೂ ಸಂಬಳದ ಚೀಟಿ, ಆರು ತಿಂಗಳ ಸ್ಟೇಟ್‌ಮೆಂಟ್, ಕ್ರೆಡಿಟ್ ರಿಪೋರ್ಟ್ ತೆಗೆದುಕೊಂಡು ಹೋಗಿ. ಮದುವೆ ಖರ್ಚಿನ ಅಂದಾಜು, ಅದರಲ್ಲಿ ಸಾಲ ಎಷ್ಟು, ಯಾರ ಹೆಸರಲ್ಲಿ ಅಂತ ಅಪ್ಪನ ಹತ್ತಿರ ಇವತ್ತೇ ಕೇಳಿ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಮೇಲೆ ಕೇಳಿದರೆ ಇಳಿಸಲು ಏನೂ ಉಳಿದಿರುವುದಿಲ್ಲ.